ಹನ್ನೊಂದನೇ ಪಾತಿಯ ಕೇಸು

ಸೋಮವಾರ ಬೆಳಿಗ್ಗೆ ಆರೂವರೆಗೆ ಫಿನಾಯಿಲ್ ಸಾರ್ ಸೀಟಿ ಊದಿದರು. ಒಂದು ಸಲ ಊದಿದರೆ ಸಭೆ, ಎರಡು ಸಲ ಊದಿದರೆ ನೀರು ಬಂತು ಎಂದು ಕಾಲೊನಿಯವರಿಗೆಲ್ಲ ಗೊತ್ತಿತ್ತು. ಅವತ್ತು ಅವರು ಉಸಿರು ಮುಗಿಯುವವರೆಗೂ ಊದಿದರು. ಕಾಂಪೌಂಡರ್ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದ. ಸಿಸ್ಟರಮ್ಮ ಹಲ್ಲುಜ್ಜುವ ಬ್ರಶ್ಶನ್ನು ಕೈಯಲ್ಲೇ ಹಿಡಿದು ಬಂದರು. ಎಲ್ಲರಿಗಿಂತ ಕೊನೆಗೆ, ಮೂರನೇ ಮಹಡಿಯಿಂದ ಮಂಡಿ ಹಿಡಿದುಕೊಂಡು ಇಳಿದವಳು ಅಡುಗೆ ಅಕ್ಕ.

ಇಳಿದು ನೋಡಿದರೆ ಎಲ್ಲರೂ ನಿಂತಿದ್ದುದು ಅವಳದೇ ಪಾತಿಯ ಮುಂದೆ.

ಈ ಕಾಲೊನಿ ದೊಡ್ಡಾಸ್ಪತ್ರೆಯಿಂದ ನಿವೃತ್ತರಾದವರದು. ಕಟ್ಟಡದ ಹಿಂದೆ ಒಂದಿಷ್ಟು ಖಾಲಿ ಜಾಗ, ಅದರಲ್ಲಿ ಹನ್ನೊಂದು ಪಾತಿ, ಹನ್ನೊಂದರಲ್ಲೂ ಟೊಮೆಟೊ. ಊರಲ್ಲಿ ಬೇರೆಯವರು ತರಕಾರಿ ಬೆಳೆದರೆ ಅದು ಹಿತ್ತಲಾಗುತ್ತದೆ, ಇವರು ಬೆಳೆದದ್ದು ವಾರ್ಡಾಯಿತು. ಪಾತಿಗಳಿಗೆ ನಂಬರು, ಗಿಡಗಳ ಕೋಲಿಗೆ ಚಾರ್ಟು, ಮಧ್ಯಾಹ್ನ ಎರಡರಿಂದ ನಾಲ್ಕು ಸಂದರ್ಶನ ನಿಷೇಧ. ಸಮಿತಿಯ ಅಧ್ಯಕ್ಷರು ನಿವೃತ್ತ ಹೆಲ್ತ್ ಇನ್ಸ್‌ಪೆಕ್ಟರ್. ಆಯುಷ್ಯವಿಡೀ ಚರಂಡಿ, ಹೋಟೆಲು, ವಾರ್ಡುಗಳ ಮೂಲೆಗಳನ್ನು ಮೂಸಿ ನೋಡಿ ಫಿನಾಯಿಲ್ ಹಾಕಿಸಿದವರು, ಆದ್ದರಿಂದ ಆ ಹೆಸರು. ಕೆಟ್ಟ ಮನುಷ್ಯರಲ್ಲ. ಆದರೆ ಜಗತ್ತಿನಲ್ಲಿ ಅಂಟುರೋಗ ಒಂದನ್ನು ಬಿಟ್ಟು ಬೇರೇನೂ ನಡೆಯುವುದಿಲ್ಲ ಎಂದು ನಂಬಿದವರು. ಅವರ ಸ್ವಂತ ಮದುವೆಯಲ್ಲಿ ಊಟದ ಪಂಕ್ತಿಯನ್ನು ಎರಡು ಸಲ ಎಬ್ಬಿಸಿ ಕೈ ತೊಳೆಸಿದ್ದರಂತೆ.

ಅಡುಗೆ ಅಕ್ಕ ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಸೌಟು ಹಿಡಿದವಳು. ಅವಳಿಗೆ ಪಾತಿ ಕೊಡುವಾಗ ಸಮಿತಿಯಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಅಡುಗೆಯವರು ಆಸ್ಪತ್ರೆ ಸಿಬ್ಬಂದಿಯೇ ಹೌದಾದರೂ 'ವೈದ್ಯಕೀಯ' ಸಿಬ್ಬಂದಿಯೇ ಎಂದು ಕಾಂಪೌಂಡರ್ ಸಂಶಯ ಎತ್ತಿದ್ದ. ಕೊನೆಗೆ ಕೊಟ್ಟದ್ದು ಕಟ್ಟಕಡೆಯ ಪಾತಿ, ಪೈಪು ಕೊನೆಗೆ ಬಂದು ತಲುಪುವ ಜಾಗ. ಅವಳಿಗೆ ಅಷ್ಟೇ ಸಾಕಾಗಿತ್ತು. ಜೀವಮಾನವೆಲ್ಲ ಬೇರೆಯವರು ಬೆಳೆದ ತರಕಾರಿಯನ್ನು ಹೆಚ್ಚಿ ಹೆಚ್ಚಿ ಬೆರಳು ಸವೆಸಿದವಳು, ಅರವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಒಂದು ಬೀಜ ಮೊಳೆಯುವುದನ್ನು ಕಂಡು ತಂಗಿಯನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದ್ದಳು. ಹದಿನಾಲ್ಕು ಗಿಡ. ಒಂದೊಂದರ ಗುಣವೂ ಅವಳಿಗೆ ಬಾಯಿಪಾಠ.

"ನೋಡಿ," ಎಂದರು ಫಿನಾಯಿಲ್ ಸಾರ್, ಕೈಗವಸು ತೊಟ್ಟ ಎರಡು ಬೆರಳಲ್ಲಿ ಒಂದು ಹಣ್ಣನ್ನು ಕೆಳಗಿನಿಂದ ಎತ್ತಿ ತೋರಿಸುತ್ತ. ಹಣ್ಣು ಇನ್ನೂ ಅರೆಗಾಯಿ. ತೊಟ್ಟಿನ ಕಡೆ ಎಲ್ಲ ಚೆನ್ನಾಗಿತ್ತು. ಬುಡದಲ್ಲಿ, ಹೂವು ಉದುರಿದ ಜಾಗದಲ್ಲಿ, ಎಂಟಾಣೆಯಷ್ಟು ಅಗಲದ ಕಂದುಕಪ್ಪು ಕಲೆ, ಒಣ ಚರ್ಮದಂತೆ ಒಳಕ್ಕೆ ಕುಸಿದಿತ್ತು.

"ಗ್ಯಾಂಗ್ರೀನ್," ಎಂದರು ಸಿಸ್ಟರಮ್ಮ ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ.

"ಸಾರ್, ಅದು ನೀರಿನ ಏರುಪೇರಿಗೆ ಆಗೋದು," ಎಂದಳು ಅಕ್ಕ. "ಪೈಪು ನನ್ನ ಹತ್ರ ಬರೋಷ್ಟೊತ್ತಿಗೆ ಟ್ಯಾಂಕು ಖಾಲಿ. ಮೂರು ದಿನ ಇಲ್ಲ, ನಾಲ್ಕನೇ ದಿನ ಸಿಕ್ಕಿದಾಗ ನಾನೂ ಆಸೆಬುರುಕಿ, ಕೆರೆ ಮಾಡಿಬಿಡ್ತೀನಿ."

"ಅಮ್ಮ, ರೋಗದ ವಿಷಯ ನಮಗೆ ಬಿಡಿ. ನೀವು ಅಡುಗೆ ನೋಡ್ಕೊಳ್ಳಿ."

ಅಷ್ಟರಲ್ಲಿ ಕಾಂಪೌಂಡರ್ ಕೆಂಪು ಪಟ್ಟಿ ಕಟ್ಟತೊಡಗಿದ್ದ. ಎಣಿಸಿದಾಗ ಅಂಥ ಹಣ್ಣು ಒಂಬತ್ತು ಸಿಕ್ಕವು, ಎಲ್ಲವೂ ಮೊದಲ ಗೊಂಚಲಿನವು. ಒಂಬತ್ತಕ್ಕೂ ಕೇಸ್ ನಂಬರ್ ಬಿತ್ತು. ಅಕ್ಕನಿಗೆ ತೋಟಕ್ಕೆ ಪ್ರವೇಶ ನಿಷೇಧವಾಯಿತು. ಅವಳ ಪಾತಿಯನ್ನು ಯಾರೂ ಮುಟ್ಟಕೂಡದು, ನೀರೂ ಹಾಕಕೂಡದು ಎಂದಾಯಿತು. ಸಿಸ್ಟರಮ್ಮ ಹೊರಡುವ ಮುಂಚೆ ಒಂದು ಹಣ್ಣಿನ ಪಕ್ಕ ಥರ್ಮಾಮೀಟರ್ ಒತ್ತಿ ಹಿಡಿದು, ಜ್ವರ ಇಲ್ಲ ಎಂದು ಚಾರ್ಟಿನಲ್ಲಿ ಬರೆದರು.

ಮಂಗಳವಾರ ಸಮಿತಿ ಎರಡನೇ ತೀರ್ಮಾನ ಮಾಡಿತು. ಹಿಂದೆ ಕ್ಷಯದ ವಾರ್ಡಿನಲ್ಲಿ ಕಿಟಕಿ ತೆಗೆಸಿ ಎಷ್ಟು ಜೀವ ಉಳಿಸಿದೆ ಎಂದು ಫಿನಾಯಿಲ್ ಸಾರ್ ಅರ್ಧ ಗಂಟೆ ಹೇಳಿದರು. ಗಾಳಿ, ಬೆಳಕು. ಇವೆರಡು ಇದ್ದಲ್ಲಿ ಕ್ರಿಮಿ ನಿಲ್ಲುವುದಿಲ್ಲ. ಆದ್ದರಿಂದ ಉಳಿದ ಹತ್ತೂ ಪಾತಿಗಳಲ್ಲಿ ಹಣ್ಣನ್ನು ಮುಚ್ಚಿದ ಎಲೆಗಳನ್ನೆಲ್ಲ ಕತ್ತರಿಸುವುದು. ಅಕ್ಕ ಬಾಲ್ಕನಿಯಿಂದ ನೋಡುತ್ತಿದ್ದಂತೆ ಹತ್ತು ಜನ ಹತ್ತು ಕತ್ತರಿ ಹಿಡಿದು ಗಿಡಗಳಿಗೆ ಕ್ಷೌರ ಮಾಡಿದರು. ಸಂಜೆಗೆ ಗಿಡಗಳು ಒಣ ಕಡ್ಡಿಗೆ ಯಾರೋ ಟೊಮೆಟೊ ಕಟ್ಟಿ ನಿಲ್ಲಿಸಿದಂತೆ ಕಂಡವು.

"ಅಯ್ಯೋ, ಬಿಸಿಲಿಗೆ ಬೆಂದುಹೋಗ್ತವೆ ಕಣೇ," ಎಂದಳು ಅಕ್ಕ.

"ಬೇಯ್ಲಿ ಬಿಡು. ನಿನ್ನ ಪಾತಿಗೆ ಪಟ್ಟಿ ಕಟ್ಟಿದೋರಲ್ವಾ?" ಎಂದಳು ತಂಗಿ. ತಂಗಿಯದು ಯಾವತ್ತೂ ಹರಿತವಾದ ನಾಲಿಗೆ.

ಶುಕ್ರವಾರ ಮತ್ತೆ ಸೀಟಿ. ಈ ಸಲ ಖುದ್ದು ಒಂದನೇ ಪಾತಿ, ಅಂದರೆ ಅಧ್ಯಕ್ಷರದು. ಹಣ್ಣಿನ ಒಂದು ಮಗ್ಗುಲಲ್ಲಿ ಬಿಳುಚಿದ ಹಳದಿ ಕಲೆ, ನಡುವೆ ಹಪ್ಪಳದ ಹಾಗೆ ತೆಳ್ಳಗೆ, ಒಳಕ್ಕೆ ಕುಗ್ಗಿತ್ತು. ಮಧ್ಯಾಹ್ನದೊಳಗೆ ಹತ್ತೂ ಪಾತಿಗಳಲ್ಲಿ ಅದೇ. ಫಿನಾಯಿಲ್ ಸಾರ್ ಮುಖ ಆ ಹಣ್ಣಿಗಿಂತ ಬಿಳುಚಿತು.

"ಎರಡನೇ ಹಂತ," ಎಂದರು. "ಹನ್ನೊಂದರಿಂದ ಒಂದಕ್ಕೆ ಜಿಗಿದಿದೆ. ನಡುವೆ ಒಂಬತ್ತು ಪಾತಿ ಹಾರಿ ಬಂದಿದೆ ಅಂದ್ರೆ ಎಂಥಾ ಕ್ರಿಮಿ ಇರ್ಬೇಕು ನೋಡಿ."

ಲ್ಯಾಬಣ್ಣ ಮಾತ್ರ ಒಂದು ಹಣ್ಣನ್ನು ಮನೆಗೆ ಒಯ್ದ. ಅವನು ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಗಾಜಿನ ಚೂರುಗಳ ಮೇಲೆ ಕಣ್ಣಿಟ್ಟವನು. ನಿವೃತ್ತಿಯ ದಿನ ಶಾಲು ಹೊದಿಸುವ ಬದಲು ಒಂದು ಹಳೇ ಮೈಕ್ರೋಸ್ಕೋಪ್ ಕೊಡಿ ಎಂದು ಕೇಳಿ ಪಡೆದವನು. ಕಪ್ಪು ಬುಡದ ಹಣ್ಣನ್ನು ಕೊಯ್ದು ನೋಡಿದ್ದ, ಬಿಳಿ ಕಲೆಯದನ್ನೂ ನೋಡಿದ.

"ಏನೂ ಇಲ್ಲ ಸಾರ್. ನೆಗೆಟಿವ್."

"ಮತ್ತೆ ನೋಡಿ."

ಮತ್ತೆ ನೋಡಿದ. ಮೂರನೇ ಸಲವೂ ನೋಡಿದ. ಮೂರು ಸಲವೂ ಏನೂ ಇಲ್ಲ. ಮೂರು ಸಲ ನೆಗೆಟಿವ್ ಬಂದರೆ ಕ್ರಿಮಿ ಇಲ್ಲ ಎಂದು ನೀವು ನಾನು ತಿಳಿಯುತ್ತೇವೆ. ಸಮಿತಿ ಹಾಗೆ ತಿಳಿಯಲಿಲ್ಲ. ಮೂರು ಸಲವೂ ತಪ್ಪಿಸಿಕೊಳ್ಳುವಷ್ಟು ಕಳ್ಳ ಕ್ರಿಮಿ ಎಂದು ರಿಜಿಸ್ಟರಿನಲ್ಲಿ ದಾಖಲಾಯಿತು. ಸಿಸ್ಟರಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಕಳ್ಳನನ್ನು ಹಿಡಿಯಲು ಉಪವಾಸ ಕೆಡವಬೇಕೆಂದಾಯಿತು. ಇಡೀ ತೋಟಕ್ಕೆ ಎಂಟು ದಿನ ಹನಿ ನೀರಿಲ್ಲ. ಗಿಡಗಳು ತಲೆ ಬಾಗಿದವು, ಮಣ್ಣು ಬಿರಿಯಿತು. ಒಂಬತ್ತನೇ ದಿನ 'ತೊಳೆತ'. ಟ್ಯಾಂಕರ್ ಲಾರಿ ತರಿಸಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೋಟವನ್ನು ತೋಯಿಸಿದರು. ಇಳಿಜಾರಿನ ಕೊನೆಯಲ್ಲಿದ್ದ ಹನ್ನೊಂದನೇ ಪಾತಿಗೂ ನೀರು ತಾನಾಗಿಯೇ ಹರಿದು ಹೋಯಿತು. ಗಿಡಗಳು ಬಾಯಾರಿದ ದನಗಳ ಹಾಗೆ ಕುಡಿದವು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಕೆಂಪಾಗುತ್ತಿದ್ದ ಹಣ್ಣುಗಳೆಲ್ಲ ತೊಟ್ಟಿನಿಂದ ಕೆಳಕ್ಕೆ ಸೀಳಿದ್ದವು. ಕೆಲವಕ್ಕೆ ತೊಟ್ಟಿನ ಕೆಳಗೆ, ಹೆಗಲ ಸುತ್ತ ಬಳೆ ತೊಡಿಸಿದಂತೆ ಬಿರುಕು.

ಸೀಟಿ ಊದಲು ಫಿನಾಯಿಲ್ ಸಾರ್‌ಗೆ ತ್ರಾಣವೇ ಉಳಿದಿರಲಿಲ್ಲ. ಕಾಂಪೌಂಡರ್ ಊದಿದ.

ಈ ಎರಡು ವಾರಗಳಲ್ಲಿ ಅಕ್ಕನಿಗೆ ಆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉರಿ ಆರುವುದಿಲ್ಲ. ಅವಳು ಮೆಟ್ಟಿಲಲ್ಲಿ ಎದುರಾದರೆ ಜನ ಗೋಡೆಗೆ ಒರಗಿ ದಾರಿ ಬಿಡುತ್ತಿದ್ದರು. ಪಕ್ಕದ ಮನೆಗೆ ಕಳಿಸಿದ ಬಟ್ಟಲು ಮುಚ್ಚಿದ ಹಾಗೆಯೇ ವಾಪಸು ಬಂತು. ಟೊಮೆಟೊ ರೋಗ ಮನುಷ್ಯರಿಗೆ ಬರುತ್ತದೆಯೇ ಎಂದು ತಂಗಿ ಸಿಸ್ಟರಮ್ಮನನ್ನು ಕೇಳಿಯೇಬಿಟ್ಟಳು. "ಬರಲ್ಲ, ಆದ್ರೂ ಒಂದು ಜಾಗ್ರತೆ," ಎಂದರು ಸಿಸ್ಟರಮ್ಮ, ಎರಡು ಹೆಜ್ಜೆ ಹಿಂದೆ ಸರಿದು. ಇಪ್ಪತ್ತೆಂಟು ವರ್ಷ ತನ್ನ ಕೈಯಿಂದ ಉಂಡವರು ಈಗ ತನ್ನ ಕೈ ನೋಡಿ ಹಿಂದೆ ಸರಿಯುತ್ತಾರೆ ಎಂದು ಅಕ್ಕ ಅಡುಗೆಮನೆಯಲ್ಲಿ ಕೂತು ಅತ್ತಳು.

ಭಾನುವಾರ ಸಭೆ ಎಂದು ನೋಟಿಸು ಬಂತು. ವಿಷಯ ಒಂದು: ಎಲ್ಲ ಗಿಡಗಳನ್ನೂ, ಹನ್ನೊಂದನೇ ಪಾತಿಯಿಂದ ಆರಂಭಿಸಿ, ಕಿತ್ತು ಬ್ಲೀಚಿಂಗ್ ಪೌಡರಿನೊಂದಿಗೆ ಹೂಳುವುದು. ವಿಷಯ ಎರಡು: ರೋಗದ ಮೂಲವಾದ ಸದಸ್ಯೆಯ ಪಾತಿಯನ್ನು ಶಾಶ್ವತವಾಗಿ ಹಿಂಪಡೆಯುವುದು.

"ಹೇಳ್ಬಿಡು ಅಕ್ಕ. ನಿಂಗೆ ಗೊತ್ತಿರೋದು ಅವರ್ಯಾರಿಗೂ ಗೊತ್ತಿಲ್ಲ," ಎಂದಳು ತಂಗಿ.

"ಹೇಳಿದ್ರೆ ಪಾತಿ ಉಳಿಯುತ್ತೆ, ನನ್ನ ಮಾನ ಹೋಗುತ್ತೆ."

"ಈಗ ಉಳಿದಿದೆ ಅಂದ್ಕೊಂಡಿದೀಯಾ?"

ಸಭೆ ನೆಲಮಹಡಿಯ ಹಾಲಿನಲ್ಲಿ. ಮೇಜಿನ ಮೇಲೆ ಗಾಜಿನ ತಟ್ಟೆಗಳಲ್ಲಿ ಮೂರು ಹಂತದ ಹಣ್ಣುಗಳನ್ನು ಸಾಲಾಗಿ ಇಟ್ಟಿದ್ದರು. ಎಲ್ಲರ ಮುಖಕ್ಕೂ ಮುಸುಕು. ಫಿನಾಯಿಲ್ ಸಾರ್ ಕೋಲು ಹಿಡಿದು ಹನ್ನೊಂದು ಪಾತಿಗಳ ನಕ್ಷೆ ತೋರಿಸಿ, ರೋಗ ಹೇಗೆ ನಡೆದು ಬಂತು ಎಂದು ವಿವರಿಸಿದರು. ಅಕ್ಕ ಬಾಗಿಲ ಬಳಿ ನಿಂತಿದ್ದಳು, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಒಂದು ಚಾಕು.

"ಒಂದು ನಿಮಿಷ ಮಾತಾಡ್ಲಾ?"

"ಅಲ್ಲಿಂದಲೇ ಮಾತಾಡಿ," ಎಂದ ಕಾಂಪೌಂಡರ್.

ಅಕ್ಕ ಅಲ್ಲಿಂದ ಮಾತಾಡಲಿಲ್ಲ. ನೆಟ್ಟಗೆ ಮೇಜಿನ ಹತ್ತಿರ ಬಂದಳು. ಎಲ್ಲರೂ ಕುರ್ಚಿಸಮೇತ ಹಿಂದಕ್ಕೆ ಜರುಗಿದರು. ಅವಳು ಕಪ್ಪು ಬುಡದ ಹಣ್ಣನ್ನು ಎತ್ತಿ, ಬುಡವನ್ನು ಒಂದೇ ಏಟಿಗೆ ಕತ್ತರಿಸಿ ಪಕ್ಕಕ್ಕಿಟ್ಟಳು.

"ಮೂಸಿ ನೋಡಿ. ವಾಸನೆ ಇದ್ಯಾ? ನೀರು ಸೋರ್ತಾ ಇದ್ಯಾ? ಇಲ್ಲ. ಒಣಗಿದೆ. ಬೂಷ್ಟು ಹತ್ತಿಲ್ಲ. ಹತ್ತೋದೂ ಉಂಟು, ಆದ್ರೆ ಅದು ಸತ್ತ ಜಾಗಕ್ಕೆ ಆಮೇಲೆ ಬಂದು ಕೂತ್ಕೊಳ್ಳೋದು, ಕೊಂದಿದ್ದು ಅದಲ್ಲ. ಕಲೆ ಎಲ್ಲಿದೆ? ಬುಡದಲ್ಲೇ. ಒಂಬತ್ತು ಹಣ್ಣಲ್ಲಿ ಒಂಬತ್ತೂ ಬುಡದಲ್ಲೇ. ರೋಗ ಅನ್ನೋದು ಹಿಂಗೆ ಶಿಸ್ತಾಗಿ ಒಂದೇ ಜಾಗಕ್ಕೆ ಬರುತ್ತಾ?"

"ನೆಲದಿಂದ ಹತ್ತಿರಬಹುದು," ಎಂದ ಕಾಂಪೌಂಡರ್. "ನೆಲ ಮುಟ್ಟಿದ ಹಣ್ಣಿಗೆ ಕೊಳೆ ಹತ್ತೋ ರೋಗ ಒಂದಿದೆಯಂತೆ, ಉಂಗುರ ಉಂಗುರವಾಗಿ."

"ಇದೆ. ಆದ್ರೆ ಇವು ಕೋಲಿಗೆ ಕಟ್ಟಿದ ಗಿಡ, ಹಣ್ಣು ನೆಲದಿಂದ ಮೊಣಕಾಲೆತ್ತರ. ಉಂಗುರ ಎಲ್ಲಿದೆ ತೋರ್ಸಿ. ಎಲೆ ಮೇಲೆ ಒಂದು ಚುಕ್ಕೆ ಇದ್ಯಾ? ಕಾಂಡದ ಮೇಲೆ?"

ಯಾರೂ ಎಲೆ ನೋಡಿರಲಿಲ್ಲ. ಎಲೆಗಳನ್ನು ಕತ್ತರಿಸಿದ್ದರು, ನೋಡಿರಲಿಲ್ಲ.

"ಅಕ್ಕ ಹೇಳೋದು ಸರಿ," ಎಂದ ಲ್ಯಾಬಣ್ಣ ಮೆಲ್ಲಗೆ. ಮೂರು ವಾರ 'ನೆಗೆಟಿವ್' ಬಿಟ್ಟು ಬೇರೆ ಮಾತಾಡದವನು ಈಗ ಎದ್ದು ನಿಂತ. "ಸುಣ್ಣದ ಅಂಶ ಅಂತೀವಲ್ಲ, ಕ್ಯಾಲ್ಸಿಯಂ, ಅದು ಗಿಡದೊಳಗೆ ನೀರಿನ ಜೊತೆಗೇ ಹೋಗೋದು. ಎಲೆಗಳು ನೀರನ್ನ ಜಾಸ್ತಿ ಎಳ್ಕೊಳ್ತವೆ. ಹಣ್ಣಿನ ತುದಿಗೆ ಕೊನೆಗೆ ತಲುಪೋದು. ನೀರು ಒಂದು ದಿನ ಇದ್ದು ಮೂರು ದಿನ ಇಲ್ಲ ಅಂದ್ರೆ, ಮಣ್ಣಲ್ಲಿ ಸುಣ್ಣ ಎಷ್ಟಿದ್ರೂ ತುದಿಗೆ ಸಿಗಲ್ಲ. ಎಳೇ ಕಾಯಿದ್ದಾಗಲೇ ಅಲ್ಲಿ ಸತ್ತುಹೋಗುತ್ತೆ."

"ನಮ್ಮ ತೋಟದಲ್ಲಿ ನನ್ನ ಪಾತಿ ಇದ್ದ ಹಾಗೆ," ಎಂದಳು ಅಕ್ಕ.

ಬಿಳಿ ಕಲೆಯ ಹಣ್ಣನ್ನು ಎತ್ತಿದಳು. "ಇದು ಬಿಸಿಲು ಸುಟ್ಟಿದ್ದು. ಎಲೆ ಕತ್ತರಿಸಿದ ಮೇಲೆ ಬಂತು. ಗಿಡದ ಯಾವ ಕಡೆ ಬಂತು? ಬಿಸಿಲು ಬೀಳೋ ಕಡೆ. ನೆರಳಿನ ಕಡೆ ಒಂದಾದ್ರೂ ಇದ್ರೆ ತಂದು ತೋರ್ಸಿ, ನಾನೇ ಗಿಡ ಕೀಳ್ತೀನಿ. ರೋಗದ ಮೂಲ ನನ್ನ ಪಾತಿ ಅಂತೀರಿ. ನನ್ನ ಪಾತಿಗೆ ನೀವು ಕತ್ತರಿ ಹಾಕ್ಲಿಲ್ಲ, ಅಲ್ಲಿ ಇಂಥ ಹಣ್ಣು ಒಂದೂ ಇಲ್ಲ. ಇನ್ನು ಇದು," ಸೀಳಿದ್ದನ್ನು ತೋರಿಸಿದಳು, "ಎಂಟು ದಿನ ಉಪವಾಸ ಕೆಡವಿ ಒಂಬತ್ತನೇ ದಿನ ಬಾಯಿಗೆ ಕೊಳವೆ ಇಟ್ರೆ ಯಾರ ಹೊಟ್ಟೆಯಾದ್ರೂ ಬಿರಿಯುತ್ತೆ. ಒಳಗಿನದು ಉಬ್ಬಿತು, ಸಿಪ್ಪೆ ಹಿಗ್ಗಲಿಲ್ಲ. ರೋಗ ಅಲ್ಲ. ಬೇಗ ಕಿತ್ತು ತಿಂದ್ರೆ ಸರಿ, ಬಿಟ್ರೆ ಸೀಳಿನೊಳಗೆ ಕೊಳೆ ಬಂದು ಸೇರ್ಕೊಳ್ಳುತ್ತೆ."

ಫಿನಾಯಿಲ್ ಸಾರ್ ಕೋಲಿನಿಂದ ನಕ್ಷೆಯನ್ನು ತಟ್ಟಿದರು. "ಬಾಯಿಮಾತು. ಪ್ರಯೋಗ ಎಲ್ಲಿ? ದಾಖಲೆ ಎಲ್ಲಿ? ಎಷ್ಟು ಜನರ ಮೇಲೆ ಪರೀಕ್ಷೆ ಆಗಿದೆ?"

ಅಕ್ಕ ಡಬ್ಬಿ ತೆರೆದಳು. "ಲ್ಯಾಬಣ್ಣನಿಂದ ಇಸ್ಕೊಂಡ ಕಪ್ಪು ಬುಡದ್ದು ಒಂದು, ಒಳ್ಳೇದು ನಾಕು, ಮೈಗೆ ಮೈ ತಾಗಿಸಿ ಹತ್ತು ದಿನ ಇಟ್ಟಿದೀನಿ. ನೋಡಿ, ನಾಕೂ ಹಂಗೇ ಇವೆ. ಇದು ಚಿಕ್ಕ ಪ್ರಯೋಗ." ಸೆರಗಿನಿಂದ ಮೂಗು ಒರೆಸಿಕೊಂಡಳು. "ದೊಡ್ಡದು ಬೇರೆ ಇದೆ. ಆಸ್ಪತ್ರೆಗೆ ತರಕಾರಿ ಹಾಕ್ತಿದ್ನಲ್ಲ ಕಂಟ್ರಾಕ್ಟರು, ಅವನು ಒಂದು ದಿನಾನೂ ನೆಟ್ಟಗಿರೋ ಟೊಮೆಟೊ ತರ್ಲಿಲ್ಲ. ಮಾರ್ಕೆಟ್ಟಲ್ಲಿ ಯಾರೂ ಮುಟ್ಟದೇ ಇರೋದು ನಮಗೆ. ಬುಡ ಕಪ್ಪಾದ್ದು, ಬಿಸಿಲಿಗೆ ಬೆಂದಿದ್ದು, ಸೀಳಿದ್ದು. ದಿನಕ್ಕೆ ಎರಡು ಕ್ರೇಟು. ಎಸೆದ್ರೆ ಅಡುಗೆಗೇ ಇರಲ್ಲ. ಬುಡ ಹೆಚ್ಚಿ ಎಸೆದೆ, ಬಿಳೀದು ಕೆತ್ತಿ ಎಸೆದೆ, ಉಳಿದಿದ್ದು ಬೇಯಿಸ್ದೆ. ನಾರೋದು, ಒಳಗೆ ಕಂದು ಬಣ್ಣಕ್ಕೆ ತಿರುಗಿದ್ದು, ಬೂಷ್ಟು ಹತ್ತಿದ್ದು, ಅದನ್ನ ಮಾತ್ರ ಬುಟ್ಟಿಸಮೇತ ಹೊರಗೆ. ನಿಮ್ಗೂ ಅದೇ ಹಾಕ್ದೆ, ಡಾಕ್ಟರಿಗೂ ಅದೇ, ರೋಗಿಗಳಿಗೂ ಅದೇ. ಇಪ್ಪತ್ತೆಂಟು ವರ್ಷ."

ಸಿಸ್ಟರಮ್ಮ ಹೊಟ್ಟೆ ಮುಟ್ಟಿಕೊಂಡರು.

"ಯಾರಿಗೂ ಹೇಳಿರ್ಲಿಲ್ಲ. ಆಸ್ಪತ್ರೆ ಅಡುಗೆಯಾಕೆ ಕೆಟ್ಟ ಹಣ್ಣು ತಿನ್ನಿಸಿದ್ಲು ಅಂತಾರೆ ಅಂತ. ಈಗ ಅಂದ್ಕೊಳ್ಳಿ. ಯಾರಿಗಾದ್ರೂ ಏನಾದ್ರೂ ಆಯ್ತಾ?"

"ದಾಖಲೆ?" ಎಂದರು ಫಿನಾಯಿಲ್ ಸಾರ್. ದನಿ ತುಂಬ ಸಣ್ಣಗಿತ್ತು, ಏಕೆಂದರೆ ಅವರಿಗೆ ಆಗಲೇ ಗೊತ್ತಾಗಿಹೋಗಿತ್ತು.

"ನಿಮ್ಮ ರುಜು ಸಾರ್. ತಿಂಗಳಿಗೊಂದು ಸಲ ಅಡುಗೆಮನೆಗೆ ಬಂದು, ರುಚಿ ನೋಡಿ, ಪುಸ್ತಕದಲ್ಲಿ 'ಉತ್ತಮ, ರೋಗಾಣುರಹಿತ' ಅಂತ ಬರೀತಿದ್ರಿ. ವರ್ಷಕ್ಕೆ ಹನ್ನೆರಡು. ಲೆಕ್ಕ ನೀವೇ ಹಾಕಿ."

ಲೆಕ್ಕ ಹಾಕುವಾಗ ಫಿನಾಯಿಲ್ ಸಾರ್ ಮುಖದ ಮೇಲೆ ಒಂದು ಭಯಂಕರ ಯುದ್ಧ ನಡೆಯಿತು. ಈ ಹಣ್ಣು ರೋಗದ್ದೆಂದರೆ ಮುನ್ನೂರ ಮೂವತ್ತಾರು ರುಜು ಸುಳ್ಳು. ರುಜು ನಿಜವೆಂದರೆ ಈ ಮೂರು ವಾರ ಸುಳ್ಳು. ತನ್ನ ರುಜುವಿಗಿಂತ ದೊಡ್ಡ ಪುರಾವೆ ಅವರಿಗೆ ಭೂಮಿಯ ಮೇಲೆ ಇರಲಿಲ್ಲ. ಅವರು ಮುಸುಕು ಕೆಳಗಿಳಿಸಿ, ಬುಡ ಕತ್ತರಿಸಿದ ಹಣ್ಣಿನ ಒಂದು ಹೋಳನ್ನು ಅಕ್ಕನ ಕೈಯಿಂದಲೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅಗಿದರು. ಕಣ್ಣು ಮುಚ್ಚಿ ನುಂಗಿದರು.

"ಉತ್ತಮ," ಎಂದರು.

ಅಕ್ಕನಿಗೆ ಅಲ್ಲೇ ಅಳು ಬಂತು.

ಇಲ್ಲಿಗೆ ಮುಗಿದಿದ್ದರೆ ಅದು ಬೇರೆ ಕಾಲೊನಿ. ಫಿನಾಯಿಲ್ ಸಾರ್ ನ್ಯಾಯವಂತರು, ಅದೇ ಅವರ ಕಾಯಿಲೆ. ನಿಯಮಾವಳಿ ತೆಗೆಸಿ ಓದಿದರು. ತೊಂದರೆ ಕಾಣಿಸಿಕೊಂಡ ಎಲ್ಲ ಪಾತಿಗಳಿಗೂ ಅದಕ್ಕೆ ಮುಂಚೆ ಹೋಗಿಬಂದವರೇ ಮೂಲ, ಅವರನ್ನು ಹದಿನಾಲ್ಕು ದಿನ ದೂರ ಇಡತಕ್ಕದ್ದು. ಕತ್ತರಿ ಹಿಡಿದು, ನೀರು ನಿಲ್ಲಿಸಿ, ನೀರು ಬಿಟ್ಟು ಎಲ್ಲ ಪಾತಿಗಳಿಗೂ ಹೋದವರು ಯಾರು? ಸಮಿತಿ. ನಿಷೇಧದಿಂದಾಗಿ ಒಂದು ಕಡೆಗೂ ಹೋಗದವಳು ಅಕ್ಕ ಒಬ್ಬಳೇ. ರಿಜಿಸ್ಟರಿನಲ್ಲಿ ಅವರು ಸ್ವಹಸ್ತದಿಂದ ಬರೆದರು: ರೋಗ, ಇಲ್ಲ. ಕಾರಣ, ಸಮಿತಿ. ಪ್ರಕರಣ ಮುಕ್ತಾಯ.

ಸೋಮವಾರದಿಂದ ಕೆಂಪು ಪಟ್ಟಿ ತೋಟದ ಸುತ್ತ ಬಿತ್ತು. ಹೊರಗೆ ಹತ್ತು ಕುರ್ಚಿಯಲ್ಲಿ ಹತ್ತು ಜನ. ಒಳಗೆ ಅಕ್ಕ, ಕೈಯಲ್ಲಿ ಪೈಪು, ಪಾದದ ಕೆಳಗೆ ಹನ್ನೊಂದು ಪಾತಿ. ದಿನಾ ಬೆಳಿಗ್ಗೆ ಎಲ್ಲಕ್ಕೂ ಒಂದೇ ಸಮ ನೀರು, ಬುಡಕ್ಕೆ ಒಣ ಹುಲ್ಲಿನ ಹೊದಿಕೆ, ಹೊಸ ಎಲೆಗೆ ಯಾರ ಕತ್ತರಿಯೂ ತಾಗುವಂತಿಲ್ಲ. ಹೊಸದಾಗಿ ಕಚ್ಚಿದ ಕಾಯಿಗಳ ಬುಡ ನುಣ್ಣಗೆ ಹಸಿರಾಗಿ ಬಂದವು. ಹೊರಗಿನವರು ಬೈನಾಕ್ಯುಲರ್‌ನಲ್ಲಿ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ದಾರಿಹೋಕರು ಹಣ್ಣು ಕೊಳ್ಳಲು ನಿಂತರೆ ಕಾಂಪೌಂಡರ್ ಪಾಠ ಮಾಡುತ್ತಿದ್ದ, ಎಲ್ಲ ನೀರಿನ ಏರುಪೇರು ರೀ, ರೋಗ ಗೀಗ ಏನೂ ಇಲ್ಲ ಎಂದು. ಹೊಸದಾಗಿ ನಂಬಿದವರಷ್ಟು ಬಲವಾಗಿ ಯಾರು ನಂಬುತ್ತಾರೆ ಹೇಳಿ.

ಏಳನೇ ದಿನದಿಂದ ಮೋಡ ಕವಿಯಿತು. ಬಿಡದ ಜಿಟಿಜಿಟಿ ಮಳೆ, ಚಳಿ. ಹನ್ನೆರಡನೇ ದಿನ ಬೆಳಿಗ್ಗೆ ಅಕ್ಕ ತನ್ನ ಪಾತಿಯ ನಾಲ್ಕನೇ ಗಿಡದ ಮುಂದೆ ನಿಂತುಬಿಟ್ಟಳು. ಹೊಸ ನೀರಿನಲ್ಲಿ ಮೈತುಂಬ ಕಾಯಿ ಕಚ್ಚಿ ನಿಂತಿದ್ದ ಗಿಡ. ಅದರ ಎಲೆಯ ಅಂಚಿನಲ್ಲಿ ಎಣ್ಣೆ ಬಿದ್ದ ಕಾಗದದಂತೆ ಕಪ್ಪುಹಸಿರು ಕಲೆ. ಎಲೆ ತಿರುಗಿಸಿದಳು. ಕಲೆಯ ಸುತ್ತ, ಕೆಳಗಡೆ, ಬಿಳಿ ನವಿರು ಬೂಷ್ಟು. ಕಾಂಡದ ಮೇಲೂ ಕಂದು ಗೆರೆ. ಒಂದು ಕಾಯಿಯ ಹೆಗಲ ಮೇಲೆ ಗಟ್ಟಿಯಾದ, ಉಬ್ಬುತಗ್ಗಿನ ಕಂದು ಕಲೆ. ಕಾಯಿಯ ಆ ಕಲೆಯನ್ನು ಅವಳು ಕ್ರೇಟಿನಲ್ಲಿ ನೋಡಿದ್ದಳು. ಬೆಳಿಗ್ಗೆ ಒಂದರಲ್ಲಿ ಇದ್ದದ್ದು ಮೂರನೇ ದಿನಕ್ಕೆ ಇಡೀ ಕ್ರೇಟಿಗೆ ಹಬ್ಬುತ್ತಿತ್ತು. ಬುಟ್ಟಿಸಮೇತ ಹೊರಗೆ ಹಾಕುತ್ತಿದ್ದುದು ಅದನ್ನೇ.

"ಸಾರ್!" ಎಂದು ಕೂಗಿದಳು. "ಇದು ರೋಗ! ಇದು ನಿಜವಾದ್ದು!"

ಫಿನಾಯಿಲ್ ಸಾರ್ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದರು. ಮಂದಹಾಸ ಬೀರಿದರು. "ಗಾಬರಿ ಆಗ್ಬೇಡಿ ಅಮ್ಮ. ನೀರಿನ ಏರುಪೇರು. ನೀವೇ ಕಲಿಸಿದ್ದಲ್ವಾ?"

"ಬುಡದಲ್ಲಿಲ್ಲ ಸಾರ್, ಹೆಗಲ ಮೇಲಿದೆ! ಎಲೆಗೂ ಬಂದಿದೆ!"

"ಪ್ರಕರಣ ಮುಕ್ತಾಯ ಆಗಿದೆ," ಎಂದರು ಅವರು ಸಮಾಧಾನವಾಗಿ. ಸಿಸ್ಟರಮ್ಮನೂ ತಲೆಯಾಡಿಸಿ, ಬುಡ ಹೆಚ್ಚಿ ಬೇಯಿಸಿದರೆ ಆಯಿತು ಎಂದರು.

ಅಕ್ಕ ಒಂದು ಎಲೆ ಕಿತ್ತು, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಪಟ್ಟಿಯಾಚೆ ಎಸೆದಳು. ಲ್ಯಾಬಣ್ಣ ಅದನ್ನು ಎತ್ತಿಕೊಂಡು ಮನೆಗೆ ಓಡಿದ. ಕಾಲು ಗಂಟೆಯಲ್ಲಿ ಅವನ ಕಿಟಕಿಯಿಂದ ಹರ್ಷೋದ್ಗಾರ ಕೇಳಿತು. "ಬಂತು! ಬಂತು! ನಿಂಬೆಹಣ್ಣಿನ ಆಕಾರದ ಬೀಜಕಣ ಸಾರ್, ಸಾವಿರಾರು! ಅಂಗಮಾರಿ ರೋಗ! ಪಾಸಿಟಿವ್!" ಮೂವತ್ತು ದಿನಗಳಿಂದ ಶೂನ್ಯವನ್ನೇ ನೋಡಿದ್ದ ಮನುಷ್ಯ, ಅವನ ಸಂತೋಷ ಅವನಿಗೆ.

"ಮೂರು ಸಲ ನೋಡಿ," ಎಂದರು ಫಿನಾಯಿಲ್ ಸಾರ್. "ಒಂದು ಸಲ ಪಾಸಿಟಿವ್ ಬಂದ ಮಾತ್ರಕ್ಕೆ ಹಾರಾಡಬಾರದು."

ಅವನು ಮೂರು ಸಲ ನೋಡುವಷ್ಟರಲ್ಲಿ ಗಾಳಿ ಬೀಸುತ್ತದೆ, ಮಳೆ ಹನಿ ಎಲೆಯಿಂದ ಎಲೆಗೆ ಚಿಮ್ಮುತ್ತದೆ, ರೋಗವೂ ಜೊತೆಗೇ ದಾಟುತ್ತದೆ. ಅಕ್ಕ ಹತ್ತೂ ಪಾತಿಗಳತ್ತ ನೋಡಿದಳು, ಕತ್ತರಿಯ ಗಾಯದಿಂದ ಚೇತರಿಸಿಕೊಂಡು ಈಗಷ್ಟೇ ಚಿಗುರಿದ ಗಿಡಗಳು. ಹೊರಗೆ ಕೂತವರ ಮುಖಗಳನ್ನೂ ನೋಡಿದಳು. ಗಿಡವನ್ನು ಹಾಗೇ ಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಗಿಡ ಉಳಿಸಿಕೋ ಎಂದೇ ಎಲ್ಲರೂ ಹೇಳುತ್ತಿದ್ದಾರೆ. ಈ ಒಂದು ಮಾತು ಕೇಳುವುದಕ್ಕೆ ತಾನೇ ಮಾನ ಬಿಟ್ಟು ಸಭೆಯಲ್ಲಿ ನಿಂತದ್ದು.

ಮೊದಲು ಮೊಳೆತದ್ದು ಇದೇ ಗಿಡವಾಗಿತ್ತು. ಅವಳು ದೊಡ್ಡ ಗೋಣಿಚೀಲವನ್ನು ಬಾಯಿ ತೆರೆದು ಪಕ್ಕದಲ್ಲಿಟ್ಟು, ಕಾಂಡವನ್ನು ಬುಡದಲ್ಲಿ ಎರಡೂ ಕೈಯಿಂದ ಹಿಡಿದಳು. ಪಟ್ಟಿಯಾಚೆ ಎಲ್ಲರೂ ಎದ್ದು ನಿಂತು, ಅಯ್ಯೋ ಬೇಡ ಬೇಡ, ಚೆನ್ನಾಗಿದೆ, ರೋಗ ಅಲ್ಲ ಎಂದು ಬೊಬ್ಬೆ ಹಾಕಿದರು. ಅಕ್ಕ ಬಿಕ್ಕುತ್ತಲೇ ಗಿಡವನ್ನು ಬೇರುಸಮೇತ ಕಿತ್ತಳು, ಮಣ್ಣು ಝಾಡಿಸದೆ ಚೀಲಕ್ಕೆ ತುಂಬಿ ಬಾಯಿ ಬಿಗಿದಳು, ಆಮೇಲೆ ಅದಕ್ಕೆ ಎಲೆ ತಾಗಿಸಿಕೊಂಡು ನಿಂತಿದ್ದ ಐದನೆಯದರ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದಳು.